ಪಿಸಿಸಿ ಫೈಲ್ ಎಲ್ಲಿ ನಿಂತಿದೆ, ಯಾಕೆ ನಿಂತಿದೆ ಎಂದು ಹೇಳಿ: ಪಾಸ್‌ಪೋರ್ಟ್ ಮತ್ತು ಪೊಲೀಸ್ ಅಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಪ್ರಾದೇಶಿಕ ಪಾಸ್‌ಪೋರ್ಟ್ ಅಧಿಕಾರಿಗಳು
ಹಾಗೂ ಪಾಸ್‌ಪೋರ್ಟ್ ಪರಿಶೀಲನೆಯ ಹೊಣೆ ಹೊತ್ತ ಪೊಲೀಸ್ ಅಧಿಕಾರಿಗಳು

ಮಾನ್ಯರೇ,

ಹೊರದೇಶದ ಕೆಲಸಕ್ಕೆ ಹೊರಟವರಿಗೆ ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್, ಅಂದರೆ ಪಿಸಿಸಿ ಅರ್ಜಿ ತುಂಬಲು ನಾನು ಸಹಾಯ ಮಾಡುತ್ತೇನೆ. ಇದು ನನ್ನ ವೃತ್ತಿಯಲ್ಲ. ನಂಟರು, ಪರಿಚಯದವರು, ಅವರ ಜೊತೆ ಕೆಲಸ ಮಾಡುವವರು, ಹೀಗೆ ಒಬ್ಬರಿಂದ ಒಬ್ಬರಿಗೆ ತಿಳಿದು ಬರುತ್ತಾರೆ. ಹೆಚ್ಚಿನವರು ನರ್ಸ್‌ಗಳು, ಡ್ರೈವರ್‌ಗಳು, ವೆಲ್ಡರ್‌ಗಳು. ಕೈಯಲ್ಲಿ ಆಫರ್ ಲೆಟರ್ ಇರುತ್ತದೆ, ಸೇರಬೇಕಾದ ತಾರೀಕು ಇರುತ್ತದೆ. ಇವರ ಅರ್ಜಿಗಳ ಹಿಂದೆ ಓಡಾಡುವಾಗ ಕಂಡದ್ದನ್ನು ತಮ್ಮ ಮುಂದೆ ಇಡುತ್ತಿದ್ದೇನೆ.

ಮೊದಲು ಒಂದು ಮಾತನ್ನು ಒಪ್ಪಿಕೊಳ್ಳಬೇಕು. ಅರ್ಜಿ ಹಾಕುವುದು ಈಗ ಕಷ್ಟವಲ್ಲ. passportindia.gov.in ನಲ್ಲಿ ಖಾತೆ ತೆರೆದು, ಫಾರ್ಮ್ ತುಂಬಿ, 500 ರೂಪಾಯಿ ಕಟ್ಟಿ, ಅಪಾಯಿಂಟ್‌ಮೆಂಟ್ ತೆಗೆದುಕೊಂಡರೆ ಆಯಿತು. 2022ರ ಸೆಪ್ಟೆಂಬರ್ ಕೊನೆಯಿಂದ ಅಂಚೆ ಕಚೇರಿಗಳಲ್ಲಿರುವ ಪಾಸ್‌ಪೋರ್ಟ್ ಕೇಂದ್ರಗಳಲ್ಲೂ ಪಿಸಿಸಿಗೆ ಹೋಗಬಹುದು. ಕೌಂಟರ್‌ನಲ್ಲಿ ಕೂರುವವರು ಸಾಮಾನ್ಯವಾಗಿ ಸಮಾಧಾನದಿಂದಲೇ ಮಾತಾಡುತ್ತಾರೆ. ತೊಂದರೆ ಶುರುವಾಗುವುದು ಅರ್ಜಿದಾರ ಆ ಕೇಂದ್ರದಿಂದ ಹೊರಗೆ ಬಂದ ಮೇಲೆ.

ಪಾಸ್‌ಪೋರ್ಟ್ ಕಚೇರಿಯಿಂದ ಪರಿಶೀಲನೆಯ ಕೋರಿಕೆ ಕಂಪ್ಯೂಟರ್ ಮೂಲಕವೇ ಜಿಲ್ಲೆಯ ಅಥವಾ ನಗರದ ಪೊಲೀಸ್ ಮುಖ್ಯ ಕಚೇರಿಗೆ ಹೋಗುತ್ತದೆ. ಅಲ್ಲಿಂದ ಠಾಣೆಗೆ. ಠಾಣೆಯವರು ವಿಳಾಸ ನೋಡುತ್ತಾರೆ, ಕೇಸುಗಳಿವೆಯೇ ಎಂದು ದಾಖಲೆ ತಡಕುತ್ತಾರೆ, ವರದಿ ಬರೆಯುತ್ತಾರೆ. ಆ ವರದಿ ಬಂದ ದಾರಿಯಲ್ಲೇ ವಾಪಸ್ ಹೋಗಬೇಕು: ಠಾಣೆಯಿಂದ ಮುಖ್ಯ ಕಚೇರಿಗೆ, ಅಲ್ಲಿಂದ ಪಾಸ್‌ಪೋರ್ಟ್ ಕಚೇರಿಗೆ. ಇಷ್ಟು ಕೈ ಬದಲಾಗುವ ಫೈಲ್ ಎಲ್ಲಿ ಬೇಕಾದರೂ ನಿಲ್ಲಬಹುದು. ಆದರೆ ಅರ್ಜಿದಾರನ ಮೊಬೈಲ್‌ನಲ್ಲಿ ಕಾಣುವುದು ಪೊಲೀಸ್ ಪರಿಶೀಲನೆ ಬಾಕಿ ಇದೆ ಎನ್ನುವ ಒಂದೇ ಸಾಲು. ಠಾಣೆಗೆ ತಲುಪದೇ ಇದ್ದರೂ ಅದೇ ಸಾಲು. ಠಾಣೆಯ ಕೆಲಸ ಮುಗಿದು ಮುಖ್ಯ ಕಚೇರಿಯಲ್ಲಿ ಕೂತಿದ್ದರೂ ಅದೇ ಸಾಲು.

ಒಬ್ಬ ನರ್ಸ್ ಹುಡುಗಿಯ ಅರ್ಜಿಯನ್ನೇ ಉದಾಹರಣೆಗೆ ತೆಗೆದುಕೊಳ್ಳುತ್ತೇನೆ. ಅವಳ ಹೆಸರು, ಊರು, ಠಾಣೆ ಯಾವುದನ್ನೂ ಹೇಳುವುದಿಲ್ಲ. ಯಾರ ಮೇಲೂ ದೂರು ಹಾಕುವುದು ನನ್ನ ಉದ್ದೇಶವಲ್ಲ.

ಅವಳಿಗೆ ಕುವೈತ್‌ನ ಆಸ್ಪತ್ರೆಯೊಂದರಲ್ಲಿ ಕೆಲಸ ಸಿಕ್ಕಿತ್ತು. ವೀಸಾ ಕೆಲಸ ಮುಂದೆ ಹೋಗಲು ಪಿಸಿಸಿ ಬೇಕು. ಪಾಸ್‌ಪೋರ್ಟ್ ಮಾಡಿಸಿದ್ದು ಓದುವ ಕಾಲದಲ್ಲಿ, ಹಳ್ಳಿಯ ಮನೆಯ ವಿಳಾಸಕ್ಕೆ. ಈಗ ಇರುವುದು ನಗರದ ಬಾಡಿಗೆ ಮನೆಯಲ್ಲಿ. ಏಜೆಂಟ್ ಒಬ್ಬರು, 'ಸುಮ್ನೆ ಪಾಸ್‌ಪೋರ್ಟ್‌ನಲ್ಲಿರುವ ವಿಳಾಸವನ್ನೇ ಹಾಕಿಬಿಡಿ, ಅವತ್ತೇ ಕೈಗೆ ಬರುತ್ತೆ' ಎಂದಿದ್ದರು. ಈ ಸಲಹೆ ಪೂರ್ತಿ ಸುಳ್ಳಲ್ಲ. ವಿಳಾಸ ಬದಲಾಗದೆ, ಹಿಂದಿನ ಪರಿಶೀಲನೆ ಇತ್ತೀಚಿನದಾಗಿದ್ದು ಕ್ಲಿಯರ್ ಆಗಿದ್ದರೆ ಬೇಗ ಸಿಕ್ಕವರೂ ಇದ್ದಾರೆ. ಆದರೆ ಅವಳು ಹಳ್ಳಿಯಲ್ಲಿ ವಾಸವಿಲ್ಲ. ಪರಿಶೀಲನೆಗೆ ಪೊಲೀಸರು ಅಲ್ಲಿಗೆ ಹೋದರೆ ಅಪ್ಪ ಅಮ್ಮ ನಿಜವನ್ನೇ ಹೇಳುತ್ತಾರೆ: ಮಗಳು ಪಟ್ಟಣದಲ್ಲಿದ್ದಾಳೆ. ಆಗ ಪೊಲೀಸರು 'ಅರ್ಜಿದಾರರು ಈ ವಿಳಾಸದಲ್ಲಿಲ್ಲ' ಎಂದು ಬರೆಯಲೇಬೇಕು. ಅದು ಅವರ ತಪ್ಪಲ್ಲ. ಹಾಗಾಗಿ ಈಗಿರುವ ಮನೆಯ ವಿಳಾಸವನ್ನೇ ಹಾಕೋಣ ಎಂದು ನಾನು ಹೇಳಿದೆ.

ಅಲ್ಲಿಗೆ ಪುರಾವೆಯ ಪ್ರಶ್ನೆ ಎದ್ದಿತು. ಅವಳ ಹತ್ತಿರ ಇದ್ದದ್ದು 11 ತಿಂಗಳ ಬಾಡಿಗೆ ಕರಾರು, ನೋಟರಿ ಸಹಿ ಮಾಡಿದ್ದು. ತಮ್ಮ ಪಟ್ಟಿಯಲ್ಲಿ ಇರುವುದು ನೋಂದಾಯಿತ ಬಾಡಿಗೆ ಕರಾರು. ಬಾಡಿಗೆ ಮನೆಯಲ್ಲಿ ಇರುವವರಲ್ಲಿ ಎಷ್ಟು ಜನರ ಕರಾರು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗಿರುತ್ತದೆ ಹೇಳಿ? 11 ತಿಂಗಳಿಗೆ ಬರೆಸುವುದೇ ನೋಂದಣಿ ತಪ್ಪಲಿ ಅಂತ. ವಿದ್ಯುತ್ ಬಿಲ್ ಮಾಲೀಕರ ಹೆಸರಿನಲ್ಲಿ. ಗ್ಯಾಸ್ ಕೂಡ ಅವರದ್ದೇ. ಕೊನೆಗೆ ಆಧಾರ್‌ನಲ್ಲಿ ವಿಳಾಸ ಬದಲಾಯಿಸಿಕೊಂಡು, ಅದನ್ನೇ ಪುರಾವೆಯಾಗಿ ಇಟ್ಟು ಅರ್ಜಿ ಹಾಕಿದೆವು.

ಇನ್ನು ಫಾರ್ಮ್. ಅದರ ಎಲ್ಲ ಕಾಲಂಗಳ ಬಗ್ಗೆ ಬರೆಯಬೇಕಿಲ್ಲ. ಬಹಳಷ್ಟು ಕಾಲಂಗಳಿಗೆ ಪಾಸ್‌ಪೋರ್ಟ್ ನೋಡಿ ಇದ್ದದ್ದು ಇದ್ದ ಹಾಗೆ ಬರೆದರೆ ಸಾಕು. ಹೆಸರಿನಲ್ಲಿ ಇನಿಷಿಯಲ್ ಬಿಡಿಸಿ ಬರೆಯುವ, ಅಪ್ಪನ ಹೆಸರನ್ನು ಸರ್‌ನೇಮ್ ಕಾಲಂಗೆ ತಳ್ಳುವ ಉತ್ಸಾಹ ಮಾತ್ರ ಬೇಡ. ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಖಾಲಿ ಇದ್ದರೆ ಇಲ್ಲೂ ಖಾಲಿಯೇ ಇರಲಿ. ಯಾವ ದೇಶಕ್ಕೆ ಎನ್ನುವ ಕಾಲಂ ಸಣ್ಣದಾಗಿ ಕಂಡರೂ ಮುಖ್ಯ. ಪಿಸಿಸಿ ಕೊಡುವುದು ಆ ದೇಶದ ಹೆಸರಿಗೆ. ಕುವೈತ್‌ಗೆ ತೆಗೆದುಕೊಂಡಿದ್ದನ್ನು ಹಿಡಿದು, ಮನಸ್ಸು ಬದಲಾಯಿಸಿ ಒಮಾನ್‌ಗೆ ಹೋಗಲು ಬರುವುದಿಲ್ಲ. ಮತ್ತೆ ಅರ್ಜಿ, ಮತ್ತೆ ಶುಲ್ಕ. ಪ್ರವಾಸಿ ವೀಸಾಕ್ಕೆ ಪಿಸಿಸಿ ಕೊಡುವುದೇ ಇಲ್ಲ ಎನ್ನುವುದೂ ಎಷ್ಟೋ ಜನಕ್ಕೆ ಗೊತ್ತಿಲ್ಲ. ಪಾಸ್‌ಪೋರ್ಟ್‌ನಲ್ಲಿ ಇಸಿಆರ್, ಅಂದರೆ ವಲಸೆ ತಪಾಸಣೆ ಬೇಕು ಎಂದಿರುವವರು ಉದ್ಯೋಗದ ಕರಾರು, ವೀಸಾ ಪ್ರತಿಗಳನ್ನೂ ಇಟ್ಟುಕೊಂಡಿರಬೇಕು. ಇಲ್ಲದಿದ್ದರೆ ಕೌಂಟರ್‌ನಿಂದಲೇ ವಾಪಸ್.

ನಿಜವಾಗಿ ಫೈಲ್‌ನ ಹಣೆಬರಹ ಬರೆಯುವುದು ವಿಳಾಸದ ಕೆಳಗಿರುವ ಪೊಲೀಸ್ ಠಾಣೆ ಎನ್ನುವ ಕಾಲಂ. ಜಿಲ್ಲೆ ಆರಿಸಿದ ಕೂಡಲೇ ಠಾಣೆಗಳ ಉದ್ದ ಪಟ್ಟಿ ತೆರೆಯುತ್ತದೆ. ಅದರಲ್ಲಿ ಒಂದನ್ನು ಆರಿಸಬೇಕು. ತಮ್ಮ ಮನೆ ಯಾವ ಠಾಣೆಗೆ ಸೇರುತ್ತದೆ ಎಂದು ಎಷ್ಟು ಜನಕ್ಕೆ ಖಚಿತವಾಗಿ ಗೊತ್ತಿರುತ್ತದೆ? ಹತ್ತಿರ ಇರುವ ಠಾಣೆಯೇ ನಮ್ಮ ಠಾಣೆ ಅಂದುಕೊಳ್ಳುತ್ತೇವೆ. ಆದರೆ ಠಾಣೆಯ ಗಡಿ ಕೆಲವು ಕಡೆ ರಸ್ತೆಯ ನಡುವೆ ಹೋಗುತ್ತದೆ. ಎಡಬದಿಯ ಮನೆ ಒಂದಕ್ಕೆ, ಬಲಬದಿಯದು ಇನ್ನೊಂದಕ್ಕೆ. ದೊಡ್ಡ ಠಾಣೆ ಒಡೆದು ಹೊಸದು ಮಾಡಿದ ಕಡೆಗಳಲ್ಲಿ ಗೊಂದಲ ಇನ್ನೂ ಜಾಸ್ತಿ.

ಈ ಹುಡುಗಿಯ ವಿಷಯದಲ್ಲಿ ಆದದ್ದೂ ಅದೇ. ಮನೆ ಮಾಲೀಕರು ವರ್ಷಗಳಿಂದ ತಿಳಿದಿದ್ದ ಠಾಣೆಯ ಹೆಸರು ಹೇಳಿದರು. ಅಕ್ಕಪಕ್ಕದವರೂ ಅದನ್ನೇ ಹೇಳಿದರು. ಅದನ್ನೇ ಆರಿಸಿದಳು. ಆ ಬಡಾವಣೆ ಹೊಸ ಠಾಣೆಗೆ ಸೇರಿಹೋಗಿತ್ತು. ಫೈಲ್ ಹಳೆಯ ಠಾಣೆಗೆ ಹೋಯಿತು. ಅಲ್ಲಿಯವರು 'ನಮ್ಮ ಸರಹದ್ದಿಗೆ ಬರುವುದಿಲ್ಲ' ಎಂದು ಬರೆದು ವಾಪಸ್ ಕಳಿಸಿದರು. ಹೊಸ ಠಾಣೆಗೆ ದಾಟಿಸಲಿಲ್ಲ. ಪಾಸ್‌ಪೋರ್ಟ್ ಕಚೇರಿಯ ಲೆಕ್ಕದಲ್ಲಿ ವರದಿ ಇನ್‌ಕಂಪ್ಲೀಟ್.

ಇಷ್ಟೆಲ್ಲ ನಡೆದದ್ದು ಅವಳಿಗೆ ಗೊತ್ತಾಗಿದ್ದು ತೀರಾ ತಡವಾಗಿ. ಪರಿಶೀಲನೆ ಬಾಕಿ ಎನ್ನುವ ಸಾಲನ್ನೇ ನೋಡುತ್ತಾ ಕಾದಳು. ತಾನಾಗಿಯೇ ಹೊಸ ಠಾಣೆಗೆ ಹೋಗಿ ವಿಚಾರಿಸಿದಳು. 'ನಮಗೆ ಬಂದಿಲ್ಲಮ್ಮ' ಎಂದರು. ಹಳೆಯ ಠಾಣೆಗೆ ಹೋದಳು. 'ನಾವು ಆಗಲೇ ಕಳಿಸಿದ್ದೀವಿ' ಎಂದರು. ಎಲ್ಲಿಗೆ, ಏನೆಂದು ಬರೆದು ಎಂದು ಕೇಳಿದರೆ, ಅದನ್ನು ಪಾಸ್‌ಪೋರ್ಟ್ ಆಫೀಸಿನಲ್ಲೇ ಕೇಳಬೇಕು ಎಂಬ ಉತ್ತರ. ಸುಳ್ಳು ಯಾರೂ ಹೇಳಲಿಲ್ಲ, ಗಮನಿಸಿ. ಇಬ್ಬರ ಮಾತೂ ನಿಜವೇ. ಆದರೂ ಫೈಲ್ ಎಲ್ಲಿದೆ ಅಂತ ಅವಳಿಗೆ ತಿಳಿಯಲಿಲ್ಲ.

ಪಾಸ್‌ಪೋರ್ಟ್ ಕಚೇರಿಯ ವಿಚಾರಣಾ ವಿಭಾಗಕ್ಕೆ ಹೋದ ಮೇಲೆ ವರದಿ ಅಪೂರ್ಣ ಎಂಬುದು ಗೊತ್ತಾಯಿತು. ವಿವರಣೆ ಬರೆದುಕೊಟ್ಟು, ಸರಿಯಾದ ಠಾಣೆಯ ಹೆಸರು ತಿಳಿಸಿ, ಮರುಪರಿಶೀಲನೆಗೆ ಕೋರಿದಳು. ಫೈಲ್ ಮತ್ತೆ ಅದೇ ದಾರಿ ಹಿಡಿಯಿತು. ಈ ಸಲ ಹೊಸ ಠಾಣೆಯಿಂದ ಪೊಲೀಸರು ಮನೆಗೆ ಬಂದರು. ಬಂದದ್ದು ಹಗಲಿನಲ್ಲಿ. ಅವಳು ಆಸ್ಪತ್ರೆಯ ಡ್ಯೂಟಿಯಲ್ಲಿದ್ದಳು, ಮನೆಗೆ ಬೀಗ. ಫಾರ್ಮ್‌ನಲ್ಲಿ ಮೊಬೈಲ್ ನಂಬರ್ ಇತ್ತು. ಯಾರೂ ಫೋನ್ ಮಾಡಲಿಲ್ಲ. ಕೆಳಗಿನ ಮನೆಯವರು ಸಂಜೆ ಹೇಳಿದ್ದಕ್ಕೆ ತಿಳಿಯಿತು. ಮಾರನೇ ದಿನವೇ ದಾಖಲೆ ಹಿಡಿದು ಠಾಣೆಗೆ ಓಡಿದಳು. ಅಲ್ಲಿ ದಾಖಲೆ ಬರೆಯುವ ಸಿಬ್ಬಂದಿ ಒಳ್ಳೆಯವರು. ದಾಖಲೆ ನೋಡಿದರು, ಸಹಿ ಹಾಕಿಸಿಕೊಂಡರು, ವರದಿ ಕಳಿಸಿದರು. ಕೆಳಗಿನ ಮನೆಯವರು ಹೇಳದೇ ಹೋಗಿದ್ದರೆ 'ಅರ್ಜಿದಾರರು ಸಿಗಲಿಲ್ಲ' ಎಂದು ಎರಡನೇ ಸಲವೂ ಅಪೂರ್ಣ ವರದಿ ಹೋಗುತ್ತಿತ್ತು.

ಪಿಸಿಸಿ ಕೈಗೆ ಬಂತು. ಆದರೆ ಅವಳ ಜೊತೆ ಆಯ್ಕೆಯಾದವರು ಅಷ್ಟರಲ್ಲಿ ಹೊರಟಿದ್ದರು. ಆಸ್ಪತ್ರೆಯವರು ಮುಂದಿನ ತಂಡದಲ್ಲಿ ಕರೆಸಿಕೊಳ್ಳುತ್ತೇವೆ ಅಂದರು. ಅದು ಅವಳ ಅದೃಷ್ಟ. ಬೇರೆಯವರ ಆಫರ್ ರದ್ದಾದದ್ದನ್ನೂ ನೋಡಿದ್ದೇನೆ. ಈ ಓಟದಲ್ಲಿ ಇನ್ನೊಂದು ಗಡಿಯಾರವೂ ನಡೆಯುತ್ತಿರುತ್ತದೆ. ಎಷ್ಟೋ ದೇಶಗಳು ಮತ್ತು ಕಂಪನಿಗಳು ಆರು ತಿಂಗಳಿಗಿಂತ ಹಳೆಯ ಪಿಸಿಸಿಯನ್ನು ಒಪ್ಪುವುದಿಲ್ಲ. ಆದ್ದರಿಂದ ತಡವಾಗುತ್ತದೆ ಎಂಬ ಹೆದರಿಕೆಯಿಂದ ತೀರಾ ಮೊದಲೇ ತೆಗೆದಿಟ್ಟುಕೊಳ್ಳಲೂ ಆಗುವುದಿಲ್ಲ.

ತಡವಾಗುವ ಇನ್ನೊಂದು ಬಗೆ ಇದೆ. ಇದು ಕೇಸುಗಳದ್ದು. ಕ್ರಿಮಿನಲ್ ಮೊಕದ್ದಮೆ ಇದೆಯೇ, ಶಿಕ್ಷೆಯಾಗಿದೆಯೇ ಎಂದು ಫಾರ್ಮ್‌ನಲ್ಲಿ ಕೇಳುತ್ತಾರೆ. ಕೇಳಬೇಕಾದ್ದೇ, ಪಿಸಿಸಿ ಇರುವುದೇ ಅದಕ್ಕೆ. ಆದರೆ ಠಾಣೆಯ ದಾಖಲೆಯಲ್ಲಿ ಹೆಸರು ಬರುವುದಕ್ಕೂ ನ್ಯಾಯಾಲಯದಲ್ಲಿ ಮೊಕದ್ದಮೆ ಬಾಕಿ ಇರುವುದಕ್ಕೂ ವ್ಯತ್ಯಾಸವಿದೆ. ವಿದೇಶಾಂಗ ಸಚಿವಾಲಯವೇ 2019ರ ಅಕ್ಟೋಬರ್ 10ರ ಜ್ಞಾಪನದಲ್ಲಿ ಇದನ್ನು ಹೇಳಿದೆ. ಪಾಸ್‌ಪೋರ್ಟ್ ಕೊಡುವ ವಿಷಯದಲ್ಲಿ ಬರೀ ಎಫ್‌ಐಆರ್ ದಾಖಲಾಗಿದ್ದರೆ, ತನಿಖೆ ನಡೆಯುತ್ತಿದ್ದರೆ ಅದು ಬಾಕಿ ಇರುವ ಮೊಕದ್ದಮೆ ಅಲ್ಲ. ನ್ಯಾಯಾಲಯ ಪ್ರಕರಣವನ್ನು ವಿಚಾರಣೆಗೆ ಪರಿಗಣಿಸಿದ ಮೇಲಷ್ಟೇ ಹಾಗೆನ್ನಬಹುದು. ಪಿಸಿಸಿಯಲ್ಲಿ ಹೊರದೇಶಕ್ಕೆ ಒಂದು ಹೇಳಿಕೆ ಕೊಡುವುದರಿಂದ ಎಚ್ಚರ ಹೆಚ್ಚಿರಬೇಕು ಎನ್ನುವುದನ್ನು ಒಪ್ಪುತ್ತೇನೆ. ಹಾಗಿದ್ದಾಗ ವರದಿಯಲ್ಲಿ ಆ ವಿವರವಾದರೂ ಇರಬೇಡವೇ? ಎಷ್ಟನೇ ನಂಬರಿನ ಕೇಸು, ಯಾವ ನ್ಯಾಯಾಲಯ, ಈಗ ಯಾವ ಹಂತದಲ್ಲಿದೆ. ಬರೀ ಅಡ್ವರ್ಸ್, ಅಂದರೆ ವರದಿ ವಿರುದ್ಧವಾಗಿದೆ ಎಂದಷ್ಟೇ ಬಂದರೆ ಅರ್ಜಿದಾರ ಯಾವ ಬಾಗಿಲು ತಟ್ಟಬೇಕು?

ಒಬ್ಬ ಡ್ರೈವರ್‌ಗೆ ಹೀಗಾಯಿತು. ಅಪಘಾತದ ಹಳೆಯ ಕೇಸೊಂದರಲ್ಲಿ ಅವನು ಖುಲಾಸೆಯಾಗಿದ್ದ. ಠಾಣೆಯ ದಾಖಲೆಯಲ್ಲಿ ಆ ತೀರ್ಪು ಏರಿರಲಿಲ್ಲ. ಹಾಗಾಗಿ ವರದಿಯಲ್ಲಿ ಕೇಸು ಜೀವಂತವಾಗಿತ್ತು. ನ್ಯಾಯಾಲಯದಿಂದ ತೀರ್ಪಿನ ದೃಢೀಕೃತ ನಕಲು ತಂದು ಎರಡೂ ಕಡೆ ಕೊಟ್ಟ ಮೇಲೆ ಗಂಟು ಬಿಚ್ಚಿತು. ಕೇಸು ಮುಗಿದವರಿಗೆ ನಾನು ಈಗ ಮೊದಲೇ ಹೇಳುತ್ತೇನೆ: ಆ ನಕಲು ತೆಗೆದಿಟ್ಟುಕೊಂಡೇ ಅರ್ಜಿ ಹಾಕಿ, ಫಾರ್ಮ್‌ನಲ್ಲಿ ಏನನ್ನೂ ಮುಚ್ಚಿಡಬೇಡಿ. ಆದರೆ ನ್ಯಾಯಾಲಯದ ತೀರ್ಪು ಠಾಣೆಯ ದಾಖಲೆಗೆ ಸೇರಿಸುವುದು ಅರ್ಜಿದಾರನ ಕೆಲಸವೇ?

ಹಣದ ವಿಷಯವನ್ನೂ ಬಿಡುವ ಹಾಗಿಲ್ಲ. ಪರಿಶೀಲನೆಗೆ ಮನೆಗೆ ಬಂದವರು 'ಖರ್ಚಿಗೆ' ಎಂದು ಕೇಳುವುದು ಎಲ್ಲ ಕಡೆ ಇಲ್ಲ. ಆದರೆ ಇಲ್ಲವೇ ಇಲ್ಲ ಎಂದರೆ ತಾವೂ ನಂಬುವುದಿಲ್ಲ. ಅರ್ಜಿದಾರ ಕಟ್ಟುವುದು ಪಾಸ್‌ಪೋರ್ಟ್ ಕಚೇರಿಯ ಶುಲ್ಕ ಮಾತ್ರ. ಪರಿಶೀಲನೆಯ ಖರ್ಚಿಗೆ ಕೇಂದ್ರ ಸರ್ಕಾರವೇ ರಾಜ್ಯ ಪೊಲೀಸರಿಗೆ ಹಣ ಕೊಡುತ್ತದೆ. 21 ದಿನದೊಳಗೆ ವರದಿ ಬಂದರೆ ಪ್ರತಿ ಅರ್ಜಿಗೆ 150 ರೂಪಾಯಿ, ತಡವಾದರೆ 50 ಎಂಬ ಲೆಕ್ಕ ಇಟ್ಟದ್ದೇ ಬೇಗ ಮುಗಿಯಲಿ ಅಂತ. ಈ ಸಂಗತಿ ಜನರಿಗೆ ಗೊತ್ತಿಲ್ಲ. ಠಾಣೆಯ ಗೋಡೆಯ ಮೇಲೆ ಕನ್ನಡದಲ್ಲಿ ಒಂದು ಫಲಕ ಹಾಕಿದರೆ ಅರ್ಧ ಮುಜುಗರ ತಪ್ಪುತ್ತದೆ, ಕೇಳದೇ ಇರುವ ಸಿಬ್ಬಂದಿಯ ಮಾನವೂ ಉಳಿಯುತ್ತದೆ.

ಇಷ್ಟು ಹೇಳಿ ನನ್ನ ಕೋರಿಕೆಗಳಿಗೆ ಬರುತ್ತೇನೆ.

ಪಾಸ್‌ಪೋರ್ಟ್ ಅಧಿಕಾರಿಗಳಲ್ಲಿ ಮೊದಲ ವಿನಂತಿ ಆ ಒಂದು ಸಾಲಿನ ಬಗ್ಗೆ. ಫೈಲ್ ಮುಖ್ಯ ಕಚೇರಿಯಲ್ಲಿದೆಯೋ, ಠಾಣೆಯಲ್ಲಿದೆಯೋ, ಯಾವ ಠಾಣೆಯಲ್ಲಿ, ಯಾವ ತಾರೀಕಿನಿಂದ ಎಂಬುದನ್ನು ಅರ್ಜಿದಾರನಿಗೆ ತೋರಿಸಿ. ಫೈಲ್ ಕಂಪ್ಯೂಟರ್‌ನಲ್ಲೇ ಓಡಾಡುತ್ತಿರುವಾಗ ಈ ಮಾಹಿತಿ ತಮ್ಮ ವ್ಯವಸ್ಥೆಯ ಒಳಗೆ ಎಲ್ಲೋ ಇದ್ದೇ ಇರುತ್ತದೆ, ಅಲ್ವಾ? ವರದಿ ಅಪೂರ್ಣ ಅಥವಾ ವಿರುದ್ಧ ಎಂದು ಬಂದ ದಿನವೇ ಕಾರಣ ಬರೆದು ಎಸ್‌ಎಂಎಸ್ ಅಥವಾ ಇಮೇಲ್ ಕಳಿಸಿ. 'ಸರಹದ್ದು ಬೇರೆ', 'ಮನೆಯಲ್ಲಿ ಸಿಗಲಿಲ್ಲ', 'ಕೇಸು ದಾಖಲೆ ಇದೆ'. ಇಷ್ಟು ಚಿಕ್ಕ ಮಾತು ಸಾಕು. ಏನು ಸರಿಮಾಡಬೇಕೆಂದು ಜನ ತಾವೇ ತಿಳಿದುಕೊಳ್ಳುತ್ತಾರೆ. ಅದಕ್ಕೆ ಉತ್ತರವನ್ನೂ ದಾಖಲೆಯನ್ನೂ ಆನ್‌ಲೈನ್‌ನಲ್ಲೇ ಕೊಡುವ ಹಾಗೆ ಮಾಡಿ. ದೂರದ ಜಿಲ್ಲೆಯವರು ಒಂದು ಪತ್ರ ಕೊಡಲು ದಿನದ ಕೂಲಿ ಕಳೆದುಕೊಂಡು ಪ್ರಾದೇಶಿಕ ಕಚೇರಿಯ ಸಾಲಿನಲ್ಲಿ ನಿಲ್ಲುವುದು ತಪ್ಪುತ್ತದೆ.

ಠಾಣೆಯ ಕಾಲಂ ಬಗ್ಗೆ ಇಬ್ಬರಲ್ಲೂ ವಿನಂತಿ. ಸರಹದ್ದು ಬದಲಾದಾಗ ಪೊಲೀಸ್ ಇಲಾಖೆ ಅದನ್ನು ಪಾಸ್‌ಪೋರ್ಟ್ ಕಚೇರಿಗೆ ತಿಳಿಸಲಿ, ಪಟ್ಟಿ ಕೂಡಲೇ ಸರಿಯಾಗಲಿ. ಬಡಾವಣೆಯ ಹೆಸರು ಹಾಕಿದರೆ ಠಾಣೆ ಯಾವುದೆಂದು ತೋರಿಸುವ ಹಾಗಿದ್ದರೆ ಇನ್ನೂ ಒಳ್ಳೆಯದು. ಅದು ಆಗುವ ತನಕ ತಪ್ಪು ಠಾಣೆಗೆ ಬಂದ ಫೈಲನ್ನು ಇನ್‌ಕಂಪ್ಲೀಟ್ ಎಂದು ಪಾಸ್‌ಪೋರ್ಟ್ ಕಚೇರಿಗೆ ಮುಟ್ಟಿಸಬೇಡಿ. ಜಿಲ್ಲಾ ಮುಖ್ಯ ಕಚೇರಿಯಲ್ಲೇ ತಿರುಗಿಸಿ ಸರಿಯಾದ ಠಾಣೆಗೆ ಕಳಿಸಿ. ಎರಡೂ ಠಾಣೆ ಒಬ್ಬರೇ ಹಿರಿಯ ಅಧಿಕಾರಿಯ ಕೆಳಗೆ ಬರುತ್ತವೆ. ಒಂದು ಮೇಜಿನಿಂದ ಇನ್ನೊಂದಕ್ಕೆ ದಾಟಿಸುವ ಕೆಲಸಕ್ಕೆ ಅರ್ಜಿದಾರ ಮೊದಲಿನಿಂದ ಕಾಯಬೇಕಾಗಿ ಬರುವುದು ನ್ಯಾಯವಲ್ಲ.

ಪೊಲೀಸ್ ಅಧಿಕಾರಿಗಳೇ, ಮನೆಗೆ ಬರುವ ಮೊದಲು ಒಂದು ಫೋನ್ ಮಾಡುವಂತೆ ಸಿಬ್ಬಂದಿಗೆ ಹೇಳಿ. ಬೀಗ ಹಾಕಿದ್ದರೆ ಬಾಗಿಲಿಗೆ ಒಂದು ಚೀಟಿ ಅಂಟಿಸಿ, ಠಾಣೆಗೆ ಬರಲು ಒಂದು ತಾರೀಕು ಕೊಡಿ. ಅದಕ್ಕೂ ಬಾರದಿದ್ದರೆ ಆಗ 'ಸಿಗಲಿಲ್ಲ' ಎಂದು ಬರೆಯಿರಿ, ಯಾರೂ ಪ್ರಶ್ನೆ ಮಾಡುವುದಿಲ್ಲ. ಪಿಸಿಸಿ ಕೇಳುವವರು ದುಡಿಯುವ ಜನ. ಹಗಲು ಹೊತ್ತಿನಲ್ಲಿ ಮನೆಯಲ್ಲಿ ಸಿಗದಿರುವುದು ಅನುಮಾನದ ಸಂಗತಿಯಲ್ಲ. ಬಂದೋಬಸ್ತ್, ಹಬ್ಬ, ಚುನಾವಣೆಗಳ ನಡುವೆ ಈ ಕೆಲಸವನ್ನೂ ಅದೇ ನಾಲ್ಕು ಜನ ಮಾಡಬೇಕು ಎಂಬುದು ನನಗೆ ಗೊತ್ತಿದೆ. ಅದಕ್ಕೇ ಹೇಳುತ್ತಿದ್ದೇನೆ: ಒಂದು ಫೋನ್ ಕರೆ ಅವರ ಎರಡನೇ ಓಡಾಟವನ್ನೂ ಉಳಿಸುತ್ತದೆ.

ಬಾಡಿಗೆದಾರರ ಪುರಾವೆಯ ಬಗ್ಗೆ ತಾವು ಮೇಲಿನವರಿಗೆ ಬರೆಯಬೇಕು. ಅದು ತಮ್ಮ ಕೈಯಲ್ಲಿ ಮಾತ್ರ ಇಲ್ಲ ಎಂದು ಬಲ್ಲೆ. ಹೇಗಿದ್ದರೂ ಪೊಲೀಸರು ಮನೆಗೇ ಹೋಗಿ ನೋಡುತ್ತಾರೆ. ಹಾಗಿರುವಾಗ ನೋಟರಿ ಕರಾರಿನ ಜೊತೆ ಮಾಲೀಕರ ಒಪ್ಪಿಗೆ ಪತ್ರ ಮತ್ತು ಅವರ ವಿದ್ಯುತ್ ಬಿಲ್ ಇದ್ದರೆ ಅರ್ಜಿ ತೆಗೆದುಕೊಳ್ಳಲು ಅಡ್ಡಿ ಏನು? ಪುರಾವೆ ಇಲ್ಲದ ಕಾರಣಕ್ಕೇ ಜನ ಹಳ್ಳಿಯ ವಿಳಾಸ ಹಾಕುತ್ತಾರೆ. ಅದೇ ಮುಂದೆ 'ವಾಸವಿಲ್ಲ' ಎಂಬ ವರದಿಯಾಗುತ್ತದೆ.

ಈ ಪತ್ರದ ಪ್ರತಿಯನ್ನು ಎರಡೂ ಕಚೇರಿಗಳಿಗೆ ಅಂಚೆಯಲ್ಲಿ ಕಳಿಸಿದ್ದೇನೆ. ಆ ನರ್ಸ್ ಮತ್ತು ಡ್ರೈವರ್ ಇಬ್ಬರೂ ತಮ್ಮ ಫೈಲ್ ನಂಬರ್ ಕೊಡಲು ಒಪ್ಪಿದ್ದಾರೆ. ತಾವು ಕೇಳಿದರೆ ಅದನ್ನು ಮುಚ್ಚಿದ ಲಕೋಟೆಯಲ್ಲಿ ತಲುಪಿಸುತ್ತೇನೆ. ಫೈಲ್ ಯಾವ ಮೇಜಿನ ಮೇಲೆ ಎಷ್ಟು ದಿನ ಇತ್ತು ಎಂಬುದನ್ನು ತಾವೇ ತೆರೆದು ನೋಡಿ, ಲಿಖಿತ ಉತ್ತರ ಕೊಡಬೇಕೆಂದು ಕೋರುತ್ತೇನೆ.

ಇಂತಿ,
ಪಿಸಿಸಿ ಅರ್ಜಿದಾರರ ಪರವಾಗಿ,
ಅರ್ಜಿ ತುಂಬಿಕೊಡುವ ಒಬ್ಬ ನಾಗರಿಕ